ಬೆಳಗಿನ ಸೊನ್ನೆಗಳು

ನನ್ನ ಮಗಳು ಅವಳನ್ನು ‘ಆಂಟಿ’ ಎಂದು ಕರೆಯುತ್ತಿದ್ದಷ್ಟು ದಿನ ನನಗೆ ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಒಂದು ಶನಿವಾರ ಅಪ್ಪನ ಮನೆಯಿಂದ ಬಂದವಳು ಚಪ್ಪಲಿ ಬಿಡುತ್ತಾ ‘ಚಿಕ್ಕಮ್ಮ ನನ್ನ ಜಡೆ ಹೊಸ ಥರ ಹಾಕಿದಾರೆ ನೋಡಮ್ಮ’ ಎಂದಳು. ಜಡೆ ಚೆನ್ನಾಗಿಯೇ ಇತ್ತು. ಅದೇ ನನ್ನ ಕಷ್ಟ.

ಆ ಚಿಕ್ಕಮ್ಮನಿಗೆ ನಾನಿಟ್ಟ ಹೆಸರು ಕತ್ತರಿ. ಅವಳದು ಕೂದಲು ಕತ್ತರಿಸುವ ಅಂಗಡಿ, ಅವರ ಮನೆಯ ಕೆಳಗಿನ ಅಂತಸ್ತಿನಲ್ಲೇ. ಅಂಗಡಿ ತೆರೆಯುವುದು ಹನ್ನೊಂದಕ್ಕೆ. ಅಂದರೆ ಬೆಳಗ್ಗೆಯಿಡೀ ಅವಳು ಮನೆಯಲ್ಲಿ ಆರಾಮಾಗಿ ಓಡಾಡಿಕೊಂಡು, ನನ್ನ ಮಗಳಿಗೆ ಜಡೆ ಹಾಕಿಕೊಂಡು, ಹಾಡು ಹೇಳಿಕೊಂಡು ಇರಬಹುದು. ನಾನು ಎಂಟಕ್ಕೆಲ್ಲ ಬಸ್ಸಿನಲ್ಲಿ ನಿಂತಿರಬೇಕು. ಮಗಳ ಅಪ್ಪ ನನ್ನಿಂದ ಬೇರೆಯಾದದ್ದಕ್ಕೂ ಅವಳಿಗೂ ಏನೇನೂ ಸಂಬಂಧವಿಲ್ಲ, ಅವಳು ಬಂದದ್ದು ಆಮೇಲೆ. ಆ ಮನುಷ್ಯನ ಮೇಲೆ ನನಗೆ ಆಸೆಯೂ ಉಳಿದಿಲ್ಲ. ಬೇಕಾದರೆ ಅವನನ್ನು ಗಂಟು ಕಟ್ಟಿ ಅವಳೇ ಇಟ್ಟುಕೊಳ್ಳಲಿ. ನನಗೆ ಹೊಟ್ಟೆ ಉರಿಯುವುದು ಮಗಳ ವಿಷಯದಲ್ಲಿ ಮಾತ್ರ.

ಮಗಳಿಗೆ ಹತ್ತು ವರ್ಷ. ಮನೆಯಲ್ಲಿ ಅವಳ ಹೆಸರು ಸಿಳ್ಳೆ. ಅಸ್ತಮಾ ಇದೆ. ಚಿಕ್ಕವಳಿದ್ದಾಗ ಎದೆಗೆ ಕಿವಿಯಿಟ್ಟರೆ ಒಳಗೆ ಯಾರೋ ಸಣ್ಣಗೆ ಸಿಳ್ಳೆ ಹಾಕಿದ ಹಾಗೆ ಕೇಳುತ್ತಿತ್ತು. ನಾವಿಬ್ಬರೂ ಹೆದರಿ ಸಾಯುತ್ತಿದ್ದ ಕಾಲದಲ್ಲಿ ಅವಳ ಅಪ್ಪ ತಮಾಷೆಗೆ ಇಟ್ಟ ಹೆಸರು, ಹಾಗೇ ನಿಂತಿತು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಇನ್‌ಹೇಲರ್ ತೆಗೆದುಕೊಳ್ಳಬೇಕು, ಆಮೇಲೆ ಬಾಯಿ ಮುಕ್ಕಳಿಸಬೇಕು. ಬೆಳಗ್ಗೆ ಅದಕ್ಕೂ ಮೊದಲು ಒಂದು ಪ್ಲಾಸ್ಟಿಕ್ ಕೊಳವೆಗೆ ಜೋರಾಗಿ ಊದಬೇಕು. ಒಳಗಿನ ಮುಳ್ಳು ಸರಿದು ಎಲ್ಲಿ ನಿಲ್ಲುತ್ತದೋ ಆ ಅಂಕಿಯನ್ನು ಬರೆದಿಡಬೇಕು. ಅಂಕಿ ಮೇಲಿದ್ದರೆ ಶ್ವಾಸನಾಳ ತೆರೆದಿದೆ, ಇಳಿದರೆ ಬಿಗಿದಿದೆ ಎಂದರ್ಥ.

ಅವಳಿಗೆ ನಾಲ್ಕು ವರ್ಷವಿದ್ದಾಗಿನಿಂದ ನಾನು ಅದನ್ನು ಬರೆದಿಡುತ್ತಿದ್ದೇನೆ, ಬರಿಯ ಪಠ್ಯದ ಒಂದು ಫೈಲಿನಲ್ಲಿ. ಬಣ್ಣವಿಲ್ಲ, ಚಿತ್ರವಿಲ್ಲ. ದಿನಕ್ಕೊಂದು ಸಾಲು. ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ತಾರೀಖು. ಹಾಗೆ ಬರೆದರೆ ಯಾವ ಯಂತ್ರ ಜೋಡಿಸಿದರೂ ದಿನಗಳು ತಾವಾಗಿಯೇ ಸರದಿಯಲ್ಲಿ ನಿಲ್ಲುತ್ತವೆ. ಒಂದು ಅಲ್ಪವಿರಾಮ. ಬೆಳಗ್ಗೆ ಇನ್‌ಹೇಲರ್ ತೆಗೆದುಕೊಂಡರೆ ಒಂದು, ಇಲ್ಲದಿದ್ದರೆ ಸೊನ್ನೆ. ಮತ್ತೊಂದು ಅಲ್ಪವಿರಾಮ, ಸಂಜೆಯದು. ಇನ್ನೊಂದು, ಊದಿದ ಅಂಕಿ. ಫೈಲಿನ ತಲೆಯಲ್ಲಿ ಯಾವುದು ಏನು ಎಂದು ಎರಡು ಸಾಲಿನ ವಿವರಣೆ, ನಾನು ನಾಳೆ ಸತ್ತರೂ ಓದುವವರಿಗೆ ತಿಳಿಯಲಿ ಎಂದು. ಈ ಆರು ವರ್ಷದಲ್ಲಿ ಮೂರು ಫೋನು ಬದಲಾಯಿಸಿದೆ, ಬರೆಯುವ ಆ್ಯಪ್ ಎಷ್ಟು ಬದಲಾಯಿಸಿದೆನೋ ನೆನಪಿಲ್ಲ. ಫೈಲು ಮಾತ್ರ ಅದೇ. ಎಲ್ಲಿ ಇಟ್ಟರೆ ಅಲ್ಲಿ ತೆರೆಯುತ್ತದೆ.

ಈ ಹುಚ್ಚು ನನಗೆ ಹಿಡಿದದ್ದು ಆಫೀಸಿನಿಂದ. ನಾನಿರುವುದು ದಾಖಲೆಗಳ ಇಲಾಖೆಯಲ್ಲಿ, ಹಳೆಯ ಕಂಪ್ಯೂಟರ್ ಫೈಲುಗಳನ್ನು ತೆರೆದು ಕೊಡುವ ವಿಭಾಗ. ಮಾಡಿದ ಕಂಪನಿ ಮುಚ್ಚಿಹೋಗಿರುತ್ತದೆ, ತೆರೆಯುವ ಸಾಫ್ಟ್‌ವೇರ್ ಇರುವುದಿಲ್ಲ, ತೆರೆದರೂ ಅಕ್ಷರದ ಜಾಗದಲ್ಲಿ ಚೌಕ, ಪ್ರಶ್ನಾರ್ಥಕ ಚಿಹ್ನೆ. ಇಪ್ಪತ್ತು ವರ್ಷದ ಹಿಂದೆ ಯಾರೋ ಕಷ್ಟಪಟ್ಟು ಟೈಪ್ ಮಾಡಿದ್ದು ಇವತ್ತು ಯಾರಿಗೂ ಬೇಡದ ಕಸ. ಬರಿಯ ಪಠ್ಯವಾಗಿ ಇಟ್ಟಿದ್ದವು ಮಾತ್ರ ಬಾಗಿಲು ತಟ್ಟಿದ ಕೂಡಲೇ ‘ಬನ್ನಿ’ ಎನ್ನುತ್ತವೆ. ಇದನ್ನು ನಾನು ಬಂದವರಿಗೆಲ್ಲ ಹೇಳುತ್ತೇನೆ. ಯಾರೂ ಕೇಳುವುದಿಲ್ಲ.

ಕತ್ತರಿಯೂ ಕೇಳಲಿಲ್ಲ. ಸಿಳ್ಳೆ ವಾರ ಬಿಟ್ಟು ವಾರ ಅಪ್ಪನ ಮನೆಗೆ ಹೋಗುತ್ತಾಳಲ್ಲ, ಅಲ್ಲಿ ಲೆಕ್ಕ ಇಡುವುದಕ್ಕೆ ಅವಳು ಒಂದು ಬೆಕ್ಕಿನ ಆ್ಯಪ್ ಹಾಕಿಕೊಂಡಳು. ಇನ್‌ಹೇಲರ್ ತೆಗೆದುಕೊಂಡು ಗುಂಡಿ ಒತ್ತಿದರೆ ಬೆಕ್ಕಿಗೆ ಒಂದು ಮೀನು. ದಿನ ತಪ್ಪದಿದ್ದರೆ ಬೆಕ್ಕು ದಪ್ಪಗಾಗುತ್ತದೆ, ತಪ್ಪಿದರೆ ಮುಖ ಊದಿಸಿಕೊಂಡು ಕೂರುತ್ತದೆ. ನನ್ನ ಮಗಳು ಆ ಬೆಕ್ಕಿಗೆ ಸೋತುಹೋದಳು. ನನ್ನ ಮನೆಯಲ್ಲಿ ‘ಬಾ ಮರಿ, ಇನ್‌ಹೇಲರ್’ ಎಂದರೆ ಸೋಫಾದ ಹಿಂದೆ ಅಡಗುತ್ತಿದ್ದವಳು ಅಲ್ಲಿ ಕರೆಯುವ ಮೊದಲೇ ಓಡಿಬರುತ್ತಾಳಂತೆ.

‘ಅಕ್ಕಾ, ಒಂದಿನಾನೂ ತಪ್ಪಿಲ್ಲ ನೋಡಿ,’ ಎಂದು ವಾರದ ಕೊನೆಗೆ ಕತ್ತರಿ ಫೋಟೋ ಕಳಿಸುತ್ತಿದ್ದಳು. ನನ್ನನ್ನು ಅವಳು ಅಕ್ಕ ಎನ್ನುತ್ತಾಳೆ. ನಾನು ಕೇಳಿಕೊಂಡಿರಲಿಲ್ಲ.

ಬೆಕ್ಕಿನ ಆ್ಯಪ್‌ನಿಂದ ಅಂಕಿಗಳನ್ನು ಹೊರಗೆ ತೆಗೆಯುವ ದಾರಿಯೇ ಇರಲಿಲ್ಲ. ಪರದೆಯ ಫೋಟೋ ಒಂದೇ ಗತಿ. ಹಾಗಾಗಿ ಶನಿವಾರ ಬಿಟ್ಟು ಶನಿವಾರ ನಾನು ಆ ಫೋಟೋ ಮುಂದಿಟ್ಟುಕೊಂಡು, ದಪ್ಪ ಬೆಕ್ಕಿನ ನಗುಮುಖವನ್ನು ನೋಡುತ್ತಾ, ಅವಳ ಮನೆಯ ಒಂದುಗಳನ್ನೆಲ್ಲ ನನ್ನ ಫೈಲಿಗೆ ನನ್ನ ಕೈಯಾರೆ ಟೈಪ್ ಮಾಡುತ್ತಿದ್ದೆ. ಒಂದು, ಒಂದು, ಒಂದು, ಒಂದು. ಅದರ ಮೇಲಿನ ಸಾಲುಗಳು ನನ್ನ ವಾರದವು. ಅಲ್ಲಿ ಸಂಜೆಗಳು ಸರಿಯಾಗಿದ್ದವು. ಬೆಳಗ್ಗೆಯ ಜಾಗದಲ್ಲಿ ನಡುನಡುವೆ ಸೊನ್ನೆ. ಬಸ್ಸಿಗೆ ತಡವಾಯಿತು, ಅವಳ ಒಂದು ಕಾಲುಚೀಲ ಸಿಗಲಿಲ್ಲ, ‘ನೀನೇ ತಗೊಂಡು ಹೋಗು ಮರಿ’ ಎಂದು ನಾನು ಮೆಟ್ಟಿಲಿಳಿದೆ, ಅವಳು ತೆಗೆದುಕೊಳ್ಳಲಿಲ್ಲ. ಸೊನ್ನೆಯಾದ ಮರುದಿನಗಳಲ್ಲಿ ಊದಿದ ಅಂಕಿಯೂ ಕೆಳಗೆ. ನಾನು ಅದನ್ನೂ ಬರೆದೆ. ಸುಳ್ಳು ಬರೆಯುವುದಾದರೆ ಬರೆಯುವುದೇ ಯಾಕೆ?

ಕಳೆದ ಸಲ ಶ್ವಾಸಕೋಶದ ಡಾಕ್ಟರು ಇದನ್ನೇ ಹೇಳಿದ್ದರು. ‘ನೋಡಿ ಅಮ್ಮಾ, ಔಷಧ ತಗೊಂಡೂ ಅಂಕಿ ಇಳೀತಿದೆ ಅಂದ್ರೆ ನಾನು ಡೋಸ್ ಏರಿಸ್ಬೇಕು. ತಗೊಳ್ಳದೆ ಇಳೀತಿದೆ ಅಂದ್ರೆ ಡೋಸ್ ಮುಟ್ಟೋದು ಬೇಡ, ತಗೊಳ್ಳೋ ಹಾಗೆ ಮಾಡಿದ್ರೆ ಸಾಕು. ಎರಡೂ ಬೇರೆ ಬೇರೆ. ಅದಕ್ಕೇ ತಪ್ಪಿದ್ದನ್ನ ತಪ್ಪಿದ್ದು ಅಂತಲೇ ಬರೀರಿ.’

ಆ ಭೇಟಿಯ ನಂತರ ಕಾರಿಡಾರಿನಲ್ಲಿ ಸಿಳ್ಳೆಯ ಅಪ್ಪ ಮೆಲ್ಲಗೆ ಬಾಯಿಬಿಟ್ಟ. ‘ಒಂದು ಮಾತು. ಸ್ಕೂಲಿರೋ ದಿನ ಎಲ್ಲಾ ಅವಳು ನಮ್ಮಲ್ಲೇ ಇರ್ಲಿ. ಶನಿವಾರ ಭಾನುವಾರ ನಿನ್ನ ಹತ್ರ. ಬೆಳಗ್ಗೆ ನೋಡ್ಕೊಳ್ಳೋಕೆ ಅಲ್ಲಿ ಜನ ಇದಾರೆ.’

‘ಜನ’ ಅಂತೆ. ನನ್ನ ಮೈಯೆಲ್ಲ ಉರಿದುಹೋಯಿತು. ‘ನಾನೇನು ಜನ ಅಲ್ವಾ?’ ಎಂದೆ.

‘ಜಗಳ ಬೇಡ. ಮೂರು ತಿಂಗಳು ನೋಡೋಣ. ಮುಂದಿನ ಸಲ ಡಾಕ್ಟರ ಮುಂದೆ ಲೆಕ್ಕ ತೆಗೆದು ನೋಡಿ, ಎಲ್ಲಿ ಸರಿಯಾಗಿ ನಡೀತಿದೆಯೋ ಅಲ್ಲಿ. ನೀನೇ ಬರ್ದಿಟ್ಟಿರೋ ಲೆಕ್ಕ. ಆಯ್ತಾ?’

ಜಂಬದಲ್ಲಿ ಆಯ್ತು ಎಂದುಬಿಟ್ಟೆ. ಮೂರು ತಿಂಗಳು ಯಾರಿಗೆ ಕಷ್ಟ? ಗಡಿಯಾರ ಮುಂದಿಡುತ್ತೇನೆ, ಕಾಲುಚೀಲ ಹಿಂದಿನ ದಿನವೇ ತೆಗೆದಿಡುತ್ತೇನೆ. ಮೊದಲೆರಡು ವಾರ ನಡೆಯಿತು. ಆಮೇಲೆ ಆಫೀಸಿನಲ್ಲಿ ಒಂದು ರಾಶಿ ಹಳೆಯ ಡಿಸ್ಕುಗಳು ಬಂದವು, ನಾನು ಇನ್ನೂ ಬೇಗ ಹೊರಡಬೇಕಾಯಿತು, ಸೊನ್ನೆಗಳು ಮತ್ತೆ ಮನೆಗೆ ಬಂದು ಕೂತವು.

ಅಷ್ಟರಲ್ಲಿ ಬೆಕ್ಕು ಸತ್ತಿತು.

ಒಂದು ಮಧ್ಯಾಹ್ನ ಕತ್ತರಿ ನನ್ನ ಆಫೀಸಿಗೇ ಬಂದಳು. ಕೂದಲಿನ ಚೂರುಗಳು ಇನ್ನೂ ತೋಳಿನ ಮೇಲೆ ಅಂಟಿಕೊಂಡಿದ್ದವು. ಮುಖ ಸಪ್ಪಗಿತ್ತು. ಆ ಆ್ಯಪ್ ಮಾಡಿದವರು ಅಂಗಡಿ ಮುಚ್ಚುತ್ತಿದ್ದಾರಂತೆ. ಬೇಕಾದವರು ನಿಮ್ಮ ಮಾಹಿತಿ ತೆಗೆದುಕೊಳ್ಳಿ ಎಂದು ಒಂದು ಫೈಲು ಕಳಿಸಿದ್ದಾರಂತೆ. ಅದು ಎಲ್ಲೂ ತೆರೆಯುತ್ತಿಲ್ಲ.

‘ಎರಡು ವರ್ಷದ್ದು ಅಕ್ಕಾ. ಸಿಳ್ಳೆ ಅಳ್ತಾ ಕೂತಿದಾಳೆ. ನೀವು ಇದೇ ಕೆಲಸ ಮಾಡ್ತೀರಲ್ಲ, ಅದಕ್ಕೇ ಬಂದೆ.’

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮುಚ್ಚಿಡುವುದೇಕೆ? ಆ ಫೈಲನ್ನು ನನ್ನ ಕಂಪ್ಯೂಟರಿನಲ್ಲಿ ಹಾಕಿ ತೆರೆದೆ. ಅರ್ಥವಿಲ್ಲದ ಚಿಹ್ನೆಗಳ ಗುಡ್ಡೆ. ಅದನ್ನು ಓದಲು ಅದೇ ಆ್ಯಪ್ ಬೇಕು, ಆ ಆ್ಯಪ್ ಓಡಲು ಅದೇ ಕಂಪನಿಯ ಯಂತ್ರ ಬೇಕು, ಆ ಯಂತ್ರವನ್ನು ಅವರು ಆಫ್ ಮಾಡಿಬಿಡುತ್ತಾರೆ. ಇಷ್ಟನ್ನೂ ನಾನು ನಿಧಾನವಾಗಿ, ಬೇಕೆಂದೇ ನಿಧಾನವಾಗಿ, ಅವಳಿಗೆ ವಿವರಿಸಿದೆ. ಪಕ್ಕದ ಮೇಜಿನ ನನ್ನ ಸಹೋದ್ಯೋಗಿ ಕೆಮ್ಮಿದರು.

‘ಹಾಗಾದ್ರೆ ಹೋಯ್ತಾ?’ ಎಂದಳು ಕತ್ತರಿ.

‘ನಿನ್ನದು ಹೋಯ್ತು. ನನ್ನ ಹತ್ರ ಇದೆ,’ ಎಂದೆ. ‘ನೀನು ಕಳಿಸಿದ ಫೋಟೋ ನೋಡಿ ಎಲ್ಲಾ ಟೈಪ್ ಮಾಡಿಟ್ಟಿದೀನಿ.’ ನನ್ನ ಫೈಲನ್ನು ತೆರೆದು ತೋರಿಸಿದೆ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಸರ್ರನೆ ಎಳೆದೆ. ಆರು ವರ್ಷ ಪರದೆಯ ಮೇಲೆ ಹರಿದುಹೋಯಿತು.

ಅವಳು ಬಾಯಿ ತೆರೆದುಕೊಂಡು ನೋಡಿದಳು. ಆಮೇಲೆ ಅವಳು ಮಾಡಿದ್ದೇನು ಗೊತ್ತೇ? ಸೋತೆ ಎನ್ನಲಿಲ್ಲ. ನನ್ನ ಎರಡೂ ಕೈ ಹಿಡಿದುಕೊಂಡು, ‘ಅಕ್ಕಾ, ನೀವು ದೇವ್ರು! ನಂಗೂ ಇದನ್ನ ಹೇಳಿಕೊಡಿ,’ ಎಂದಳು. ಕಾಲೆಳೆಯಲು ಕೂತವಳ ಕಾಲನ್ನೇ ಮುಟ್ಟಿ ನಮಸ್ಕಾರ ಮಾಡಿದರೆ ಏನು ಮಾಡಬೇಕು? ಹೇಳಿಕೊಟ್ಟೆ. ಇಬ್ಬರೂ ಬರೆಯುವಂಥ ಒಂದು ಹಂಚಿದ ಫೋಲ್ಡರಿನಲ್ಲಿ ಫೈಲನ್ನು ಇಟ್ಟೆ. ‘ದಿನಾಂಕ ಮೊದ್ಲು. ಒಂದು, ಇಲ್ಲಾ ಸೊನ್ನೆ. ನಡುವೆ ಬೇರೇನೂ ಸೇರಿಸ್ಬೇಡ,’ ಎಂದು ಮೇಷ್ಟ್ರ ಹಾಗೆ ಬೆರಳಾಡಿಸಿದೆ. ಅವಳು ಶಾಲೆಯ ಮಗುವಿನ ಹಾಗೆ ತಲೆಯಾಡಿಸಿದಳು.

ಆ ಸಂತೋಷ ಒಂದು ವಾರ ಬಾಳಿತು.

ಶನಿವಾರ ಸಿಳ್ಳೆ ಕುಣಿಯುತ್ತಾ ಬಂದಳು. ‘ಅಮ್ಮಾ, ಚಿಕ್ಕಮ್ಮ ನನ್ನ ಫೈಲನ್ನ ಮರ ಮಾಡಿದಾರೆ!’

ಕತ್ತರಿ ಎಲ್ಲಿಂದಲೋ ಬೇರೊಂದು ಆ್ಯಪ್ ಹುಡುಕಿದ್ದಳು. ಅದು ತನ್ನದೆಂದು ಏನನ್ನೂ ಇಟ್ಟುಕೊಳ್ಳುವುದಿಲ್ಲ. ನಮ್ಮ ಪಠ್ಯದ ಫೈಲನ್ನೇ ಓದುತ್ತದೆ, ಅದಕ್ಕೇ ಬರೆಯುತ್ತದೆ. ಒಂದು ಇದ್ದಲ್ಲಿ ಹಸಿರು ಎಲೆ, ಸೊನ್ನೆ ಇದ್ದಲ್ಲಿ ಬೂದು ಎಲೆ, ಊದಿದ ಅಂಕಿ ಮೇಲಿದ್ದರೆ ಹೂವು. ನಾಲ್ಕು ವರ್ಷದ ಸಿಳ್ಳೆ ಬುಡದಲ್ಲಿ, ಹತ್ತು ವರ್ಷದ ಸಿಳ್ಳೆ ತುದಿಯಲ್ಲಿ. ಆರು ವರ್ಷ ನಾನು ಒಂದೊಂದೇ ಸಾಲು ಟೈಪ್ ಮಾಡಿದ್ದನ್ನು ಅವಳು ಒಂದು ಸಂಜೆಯಲ್ಲಿ ಮರ ಮಾಡಿ ಕೂರಿಸಿದ್ದಳು. ಕಲ್ಲು ಹೊತ್ತವಳು ನಾನು, ಗೃಹಪ್ರವೇಶ ಅವಳದು. ನನ್ನ ಮಗಳು ನನ್ನ ಫೈಲನ್ನು ಒಂದು ದಿನವೂ ಹೊರಳಿ ನೋಡಿರಲಿಲ್ಲ. ಈಗ ಅದರ ಎಲೆಗಳನ್ನು ಮುಟ್ಟಿ ಮುಟ್ಟಿ ಹೇಳುತ್ತಿದ್ದಳು, ‘ಇದು ನಂಗೆ ಜ್ವರ ಬಂದಿದ್ದ ದಿನ ಅಲ್ವಾ ಅಮ್ಮಾ? ಇದು ಮೊದಲ್ನೇ ದಿನಾನಾ?’

ಎಲ್ಲಿ ಬೇಕಾದರೂ ತೆರೆಯುವಂತೆ ಇಟ್ಟವಳು ನಾನೇ. ಅವಳ ಮನೆಯಲ್ಲಿ ತೆರೆಯಿತು. ಯಾರನ್ನು ಬೈಯಲಿ? ಅಡಿಗೆಮನೆಗೆ ಹೋಗಿ ಪಾತ್ರೆಗಳನ್ನು ಜೋರಾಗಿ ತೊಳೆದೆ.

ಮರದಲ್ಲಿ ಇನ್ನೊಂದು ಸಂಗತಿ ಎದ್ದು ಕಾಣುತ್ತಿತ್ತು. ಮೇಲಿನ ಕೊಂಬೆಗಳು ಒಂದು ವಾರ ಪೂರ್ತಿ ಹಸಿರು, ಮುಂದಿನ ವಾರ ನಡುನಡುವೆ ಬೂದು, ಮತ್ತೆ ಹಸಿರು, ಮತ್ತೆ ಬೂದು. ಅಂಕಿಗಳಲ್ಲಿ ಹುಡುಕಿ ನೋಡಬೇಕಾದದ್ದು ಈಗ ಹತ್ತು ವರ್ಷದ ಮಗುವಿಗೂ ಕಾಣುತ್ತಿತ್ತು. ಬೂದು ಬಣ್ಣದ ವಾರಗಳು ಅಮ್ಮನವು.

ಡಾಕ್ಟರ ಭೇಟಿ ಸೋಮವಾರಕ್ಕೆ ನಿಗದಿಯಾಗಿತ್ತು. ಅದಕ್ಕೆ ಮೊದಲಿನ ಶುಕ್ರವಾರ, ಸಿಳ್ಳೆ ಅಪ್ಪನ ಮನೆಯಲ್ಲಿದ್ದಾಗ, ಅವನು ಮರದ ಫೋಟೋ ಕಳಿಸಿದ. ‘ಪರವಾಗಿಲ್ಲ, ಎರಡೂ ಕಡೆ ಚೆನ್ನಾಗೇ ನಡೆದಿದೆಯಲ್ಲ! ಹಾಗಾದ್ರೆ ಈಗಿರೋ ಹಾಗೇ ಇರ್ಲಿ ಬಿಡು,’ ಎಂದು ಕೆಳಗೆ ಬರೆದಿದ್ದ.

ಮರದ ತುದಿ ಪೂರ್ತಿ ಹಸಿರು. ಬೂದು ಎಲೆ ಒಂದೂ ಇಲ್ಲ.

ಮೊದಲು ಬಂದ ಯೋಚನೆ ಹೇಳಲೇ? ಕತ್ತರಿ ನನ್ನ ಫೈಲನ್ನು ಕೆಡಿಸಿದಳು! ಕೈಗೆ ಸಿಕ್ಕಿಬಿದ್ದಳು! ಬರಿಯ ಪಠ್ಯದ ಗುಣವೂ ಅದೇ, ದೋಷವೂ ಅದೇ. ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ತಿದ್ದಬಹುದು, ತಿದ್ದಿದ್ದು ಯಾರೆಂದು ಅದು ಬಾಯಿಬಿಡುವುದಿಲ್ಲ. ಆದರೆ ನಾನು ದಾಖಲೆ ಇಲಾಖೆಯವಳು. ಪ್ರತಿ ಶನಿವಾರ ಫೈಲಿನ ಒಂದು ನಕಲು ತೆಗೆದು, ಅವತ್ತಿನ ತಾರೀಖನ್ನೇ ಹೆಸರಾಗಿಟ್ಟು, ಪೆನ್‌ಡ್ರೈವಿಗೆ ಹಾಕುತ್ತೇನೆ. ಊಟದ ಬಿಡುವಿನಲ್ಲಿ ಡಬ್ಬಿ ಕೂಡ ತೆರೆಯದೆ ಹಳೆಯ ನಕಲನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಹೋಲಿಸುವ ಪ್ರೋಗ್ರಾಂ ಓಡಿಸಿದೆ. ಎರಡು ಫೈಲುಗಳಲ್ಲಿ ಬೇರೆಯಾದ ಸಾಲುಗಳನ್ನಷ್ಟೇ ಅದು ಬಣ್ಣ ಹಚ್ಚಿ ತೋರಿಸುತ್ತದೆ. ಅವಳು ತನ್ನ ವಾರಗಳಿಗೆ ಏನೇನು ಬೆಣ್ಣೆ ಹಚ್ಚಿದ್ದಾಳೋ ನೋಡಿಯೇ ಬಿಡೋಣ ಎಂದು ಕುರ್ಚಿಯ ತುದಿಗೆ ಸರಿದು ಕೂತೆ.

ಅವಳ ವಾರಗಳಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.

ಬದಲಾದದ್ದೆಲ್ಲ ನನ್ನ ವಾರಗಳಲ್ಲಿ. ನನ್ನ ಬೆಳಗಿನ ಸೊನ್ನೆಗಳೆಲ್ಲ ಒಂದಾಗಿದ್ದವು. ಕಳೆದ ಭೇಟಿಯಿಂದ ಈಚೆಗಿನವು ಮಾತ್ರ, ಅದಕ್ಕೂ ಹಿಂದಿನವನ್ನು ಮುಟ್ಟಿರಲಿಲ್ಲ. ಪಕ್ಕದಲ್ಲಿ ಊದಿದ ಅಂಕಿಗಳು ಹೇಗಿದ್ದವೋ ಹಾಗೇ, ಇಳಿದದ್ದು ಇಳಿದೇ ಇತ್ತು.

ಕತ್ತರಿ ನನಗಾಗಿ ಇದನ್ನು ಯಾಕೆ ಮಾಡುತ್ತಾಳೆ? ಅವಳಿಗೇನು ಹುಚ್ಚೇ? ಆಮೇಲೆ ಎಲೆಗಳನ್ನು ಮುಟ್ಟಿ ಮುಟ್ಟಿ ತೋರಿಸುತ್ತಿದ್ದ ಬೆರಳು ಕಣ್ಣಿಗೆ ಬಂತು. ಆ ಆ್ಯಪ್‌ನಲ್ಲಿ ಬೂದು ಎಲೆಯನ್ನು ಒತ್ತಿ ಹಿಡಿದರೆ ಸಾಕು, ಹಸಿರಾಗುತ್ತದೆ, ಫೈಲಿನಲ್ಲಿ ಸೊನ್ನೆ ಹೋಗಿ ಒಂದು ಬೀಳುತ್ತದೆ.

ಪಕ್ಕದ ಮೇಜಿನವರು ‘ಏನಾಯ್ತ್ರೀ?’ ಎಂದರು. ‘ಕಣ್ಣಿಗೇನೋ ಬಿತ್ತು,’ ಎಂದೆ.

ಶನಿವಾರ ಸಿಳ್ಳೆ ಬಂದಳು. ಕೈಕಾಲು ತೊಳೆದು ತಿಂಡಿ ತಿನ್ನುವವರೆಗೆ ಸುಮ್ಮನಿದ್ದೆ. ಆಮೇಲೆ ಲ್ಯಾಪ್‌ಟಾಪಿನ ಮುಂದೆ ಕೂರಿಸಿಕೊಂಡೆ. ಬಣ್ಣ ಹಚ್ಚಿದ ಸಾಲುಗಳನ್ನು ನೋಡಿದ ಕೂಡಲೇ ಅವಳ ಕಿವಿ ಕೆಂಪಾಯಿತು.

‘ನೀನಾ ಮರಿ?’

‘ಹೂಂ.’

‘ಯಾಕೆ?’

‘ಅಪ್ಪ ಚಿಕ್ಕಮ್ಮಂಗೆ ಹೇಳ್ತಿದ್ರು. ಲೆಕ್ಕ ನೋಡಿ ಎಲ್ಲಿ ಸರಿಯಾಗಿದೆಯೋ ಅಲ್ಲಿ ಇರ್ಬೇಕು ಅಂತ. ನಿಂದು ಬೂದು ಇತ್ತು.’ ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ‘ಅದು ನಿನ್ನ ತಪ್ಪಲ್ವಲ್ಲ ಅಮ್ಮಾ. ನಾನೇ ತಗೊಳ್ತಿರ್ಲಿಲ್ಲ.’

ನಾನು ಅವಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡೆ. ಹತ್ತು ವರ್ಷದವಳು, ಕಾಲು ನೆಲಕ್ಕೆ ತಾಗುತ್ತದೆ. ಎರಡು ವರ್ಷದಿಂದ ನಾನು ಹೊಟ್ಟೆಕಿಚ್ಚಿನಲ್ಲಿ ಬೆಂದದ್ದು ಇದೊಂದಕ್ಕಾಗಿ, ಇವಳಿಗೆ ನಾನು ಬೇಕು ಎಂಬ ಇದೊಂದು ಮಾತಿಗಾಗಿ.

ನನ್ನ ನಾಲಿಗೆ ಸುಮ್ಮನಿರಬೇಕಲ್ಲ. ಕೇಳಿಯೇಬಿಟ್ಟೆ. ‘ಚಿಕ್ಕಮ್ಮನ ವಾರದ್ದನ್ನ ಯಾಕೆ ಬೂದು ಮಾಡ್ಲಿಲ್ಲ? ಅದೂ ಒಂದೇ ಸಲ ಒತ್ತಿದ್ರೆ ಆಗ್ತಿತ್ತು.’

ಅವಳು ನನ್ನನ್ನು ಪೆದ್ದಿಯನ್ನು ನೋಡಿದ ಹಾಗೆ ನೋಡಿದಳು. ‘ಅವ್ರಿಗೆ ಬೇಜಾರಾಗಲ್ವಾ?’

ಅಲ್ಲೂ ಒಂದು ಕಿಡಿ ಹಾರಿತು ನನ್ನೊಳಗೆ. ನುಂಗಿಕೊಂಡೆ.

ಸುಮ್ಮನೆ ಬಿಟ್ಟರೆ ಮುಗಿಯುತ್ತಿತ್ತು. ಪೆನ್‌ಡ್ರೈವಿನ ನಕಲು ನನ್ನ ಹತ್ತಿರ ಮಾತ್ರ ಇತ್ತು. ಅವನು ಆಗಲೇ ಒಪ್ಪಿಕೊಂಡಿದ್ದ. ವಾರ ಬಿಟ್ಟು ವಾರ ನನ್ನ ಮಗಳು ನನ್ನಲ್ಲೇ ಇರುತ್ತಿದ್ದಳು. ಸೋಮವಾರ ಡಾಕ್ಟರು ಫೈಲು ನೋಡುತ್ತಿದ್ದರು: ದಿನವೂ ಬೆಳಗ್ಗೆ ಸಂಜೆ ಔಷಧ ಹೋಗಿದೆ, ಆದರೂ ಎರಡು ವಾರಕ್ಕೊಮ್ಮೆ ಅಂಕಿ ಇಳಿಯುತ್ತಿದೆ. ಔಷಧ ಸಾಲುತ್ತಿಲ್ಲ ಎಂದುಕೊಳ್ಳುತ್ತಿದ್ದರು. ಡೋಸ್ ಏರಿಸುತ್ತಿದ್ದರು. ಬೇಡದ ಔಷಧ ಆ ಸಣ್ಣ ಎದೆಯೊಳಗೆ ಹೋಗುತ್ತಿತ್ತು, ಅದೂ ನನ್ನ ಫೈಲನ್ನು ನಂಬಿ.

‘ಇದನ್ನ ವಾಪಸ್ ಸೊನ್ನೆ ಮಾಡ್ಬೇಕು ಮರಿ,’ ಎಂದೆ.

‘ಬೇಡ.’

‘ಡಾಕ್ಟರಿಗೆ ಗೊತ್ತಾಗ್ಬೇಕು. ಇಲ್ಲಾಂದ್ರೆ ಜಾಸ್ತಿ ಔಷಧ ಕೊಡ್ತಾರೆ.’

‘ಕೊಡ್ಲಿ. ತಗೊಳ್ತೀನಿ.’

‘ಬೇಡದಿರೋದನ್ನ ಯಾಕೆ ತಗೊಳ್ತೀಯ?’

‘ಸೊನ್ನೆ ಹಾಕಿದ್ರೆ ನಾನು ಅಲ್ಲಿಗೇ ಹೋಗ್ಬೇಕಾಗುತ್ತೆ!’ ಎಂದು ಅವಳು ಕಿರುಚಿದಳು. ಕಿರುಚಿದ್ದಕ್ಕೆ ಕೆಮ್ಮು ಬಂತು.

ಬೆನ್ನು ನೀವುತ್ತಾ ಕೆಮ್ಮು ನಿಲ್ಲುವವರೆಗೆ ಕಾದೆ. ಆಮೇಲೆ ‘ಹೌದು, ಹೋಗ್ಬೇಕಾಗಬಹುದು,’ ಎಂದೆ. ಹಳೆಯ ನಕಲನ್ನು ಪೂರ್ತಿ ತಂದು ಮೇಲೆ ಹಾಕಿದ್ದರೆ ಒಂದೇ ಏಟಿಗೆ ಆಗುತ್ತಿತ್ತು, ಆದರೆ ಆಮೇಲೆ ಕತ್ತರಿ ಬರೆದ ಈ ವಾರದ ಸಾಲುಗಳು ಅಳಿಸಿಹೋಗುತ್ತಿದ್ದವು. ಹಾಗಾಗಿ ಒಂದೊಂದೇ ಸಾಲಿಗೆ ಹೋಗಿ ಒಂದನ್ನು ಅಳಿಸಿ ಸೊನ್ನೆ ಒತ್ತಿದೆ. ಮಗಳು ನನ್ನ ಹೆಗಲಿಗೆ ಮುಖ ಒತ್ತಿಕೊಂಡು, ಪರದೆ ನೋಡದೆ, ಪ್ರತಿ ಸಲ ಕೀಲಿ ಒತ್ತಿದ ಸದ್ದಿಗೂ ‘ಬೇಡಮ್ಮಾ’ ಎನ್ನುತ್ತಿದ್ದಳು. ನನ್ನ ಮೇಲಿನ ಅವಳ ಪ್ರೀತಿಗೆ ನನ್ನ ಕೈಯಲ್ಲಿದ್ದ ಸಾಕ್ಷಿ ಅದೊಂದೇ. ನಾನೇ ಕೂತು ಅಳಿಸಿದೆ.

ಸೋಮವಾರ ಡಾಕ್ಟರು ಫೈಲನ್ನು ಮೇಲಿಂದ ಕೆಳಗೆ ಓದಿದರು. ‘ಇಷ್ಟು ನೀಟಾಗಿ ಯಾರೂ ಇಡಲ್ಲ. ಯಾರು ಬರೆದಿದ್ದು?’ ಎಂದರು.

ನಾನು ಬಾಯಿ ತೆರೆಯುವ ಮೊದಲೇ, ಜೊತೆಗೆ ಬಂದಿದ್ದ ಕತ್ತರಿ ‘ಇವಳಮ್ಮ ಸಾರ್, ಆರು ವರ್ಷದಿಂದ,’ ಎಂದಳು. ಹೊಗಳುವುದರಲ್ಲೂ ಅವಳೇ ಮುಂದೆ.

‘ಡೋಸ್ ಇಷ್ಟೇ ಸಾಕು,’ ಎಂದರು ಡಾಕ್ಟರು. ‘ಬೆಳಗ್ಗೆದು ತಪ್ಪಿದಾಗ ಇಳಿದಿದೆ, ತಗೊಂಡಾಗ ಚೆನ್ನಾಗಿದೆ. ಬೆಳಗ್ಗೆ ಒಂದು ಸರಿಮಾಡ್ಕೊಳ್ಳಿ.’

ಕಾರಿಡಾರಿನಲ್ಲಿ ಅವಳ ಅಪ್ಪ ನನ್ನ ಮುಖ ನೋಡಲಿಲ್ಲ. ಸ್ಕೂಲಿರುವ ದಿನ ಅಲ್ಲಿ, ಶನಿವಾರ ಭಾನುವಾರ ಇಲ್ಲಿ, ಎಂದ. ಆಯ್ತು ಎಂದೆ. ಅವನು ಸಿಳ್ಳೆಯನ್ನು ಕರೆದುಕೊಂಡು ನೀರು ತರಲು ಹೋದ.

ಕತ್ತರಿ ಹತ್ತಿರ ಬಂದಳು. ‘ಅಕ್ಕಾ, ಅವಳು ಎಲೆ ಒತ್ತಿದ್ದನ್ನ ನಾನು ನೋಡಿದ್ದೆ. ಇವ್ರಿಗೆ ಹೇಳ್ಲಿಲ್ಲ. ಹಾಗೇ ಇರ್ಲಿ ಅಂದ್ಕೊಂಡೆ. ನೀವ್ಯಾಕೆ ಮತ್ತೆ ತಿದ್ದಿದ್ರಿ?’

ಅಂದರೆ ನನ್ನನ್ನು ಗೆಲ್ಲಿಸಲು ಅವಳು ಆಗಲೇ ಸಿದ್ಧಳಾಗಿದ್ದಳು! ದೊಡ್ಡತನದಲ್ಲೂ ನನ್ನನ್ನು ಹಿಂದೆ ಹಾಕಿದಳು. ಸಿಟ್ಟು ಉಕ್ಕಿಬಂತು. ‘ನೋಡಿಯೂ ಸುಮ್ನಿದ್ಯಾ? ಡಾಕ್ಟರು ಡೋಸ್ ಏರಿಸಿಬಿಡ್ತಿದ್ರು, ಗೊತ್ತಾ? ಮಗು ಮನಸ್ಸು ನೋಯ್ಬಾರ್ದು, ನನ್ನ ಮನಸ್ಸು ನೋಯ್ಬಾರ್ದು, ಸರಿ. ಅವಳ ಎದೆ?’

ಅವಳ ಮುಖ ಬಿಳಿಚಿಕೊಂಡಿತು. ‘ನಂಗೆ ಅಷ್ಟು ಹೊಳೀಲಿಲ್ಲ ಅಕ್ಕಾ.’

‘ಇನ್ಮೇಲೆ ಬೆಳಗ್ಗೆ ನಿನ್ನ ಕೈಯಲ್ಲಿ. ತಪ್ಪಿದ ದಿನ ಸೊನ್ನೆ ಬರೀಬೇಕು. ನಾನು ನೋಡ್ತಿರ್ತೀನಿ.’

ನೋಡುತ್ತಲೇ ಇದ್ದೆ. ಬಸ್ಸಿನಲ್ಲಿ ನಿಂತೇ ಫೋನ್ ತೆರೆಯುತ್ತಿದ್ದೆ. ಹೊಸ ಸಾಲು ಬಂದಿರುತ್ತಿತ್ತು. ಒಂದು. ಮರುದಿನವೂ ಒಂದು. ಅಂಕಿ ಮೇಲೇರುತ್ತಿತ್ತು. ಮಗಳ ಉಸಿರು ಸರಾಗವಾಗುತ್ತಿದೆ ಎಂದು ಸಮಾಧಾನ, ಅದು ಅಲ್ಲಿ ಆಗುತ್ತಿದೆ ಎಂದು ಸಂಕಟ. ಎರಡೂ ಒಂದೇ ಹೊಟ್ಟೆಯಲ್ಲಿ ಇರಬಲ್ಲವು. ಒಂದೇ ಒಂದು ದಿನ ಅವಳೂ ತಪ್ಪಲಿ ದೇವರೇ ಎಂದು ಬೇಡಿಕೊಂಡದ್ದೂ ಉಂಟು.

ಒಂದು ಗುರುವಾರ ಸಾಲು ತಡವಾಗಿ ಬಂತು. ನಾನು ಆಗಲೇ ಮೇಜಿನ ಮುಂದೆ ಕೂತಿದ್ದೆ. ಬೆಳಗ್ಗೆಯ ಜಾಗದಲ್ಲಿ ಸೊನ್ನೆ. ಊದಿದ ಅಂಕಿಯ ಜಾಗ ಖಾಲಿ.

ನನಗೆ ಕುಣಿಯಬೇಕೆನಿಸಬೇಕಿತ್ತು. ಬಯಸಿ ಬಯಸಿ ಕಾದಿದ್ದ ಸೊನ್ನೆ ಅದು. ಕೈ ಮಾತ್ರ ಫೋನಿನಲ್ಲಿ ಅವಳ ನಂಬರು ಹುಡುಕುತ್ತಿತ್ತು.

‘ಏನಾಯ್ತು? ಸಿಳ್ಳೆ ಹುಷಾರಾಗಿದಾಳಾ?’

‘ಹುಷಾರಾಗಿದಾಳೆ ಅಕ್ಕಾ. ಸ್ಕೂಲಿಗೆ ಹೋದ್ಲು.’ ಕತ್ತರಿಯ ದನಿ ಸಣ್ಣಗಾಗಿತ್ತು. ‘ಕೆಳಗೆ ಅಂಗಡೀಲಿ ನಲ್ಲಿ ಒಡೆದು ನೀರೆಲ್ಲಾ ತುಂಬಿತ್ತು. ನಾನು ಅದ್ರಲ್ಲಿ ಬಿದ್ದು ಒದ್ದಾಡ್ತಾ ಇದ್ದೆ. ಅವಳು ಮೇಲಿಂದಲೇ ಕೂಗಿ ಹೋಗ್ತೀನಿ ಅಂದ್ಲು, ನಾನು ಹೂಂ ಅಂದೆ. ಮೇಲೆ ಬಂದು ನೋಡಿದ್ರೆ ಇನ್‌ಹೇಲರ್ ಇಟ್ಟಲ್ಲೇ ಇದೆ.’

‘ಮಧ್ಯಾಹ್ನ ಬಂದ ತಕ್ಷಣ ಕೊಡು. ಸಂಜೆದು ಸಂಜೆಗೇ.’

‘ಸರಿ ಅಕ್ಕಾ.’ ಅವಳು ಫೋನ್ ಇಡಲಿಲ್ಲ. ಹಿಂದೆ ಯಾರೋ ನೆಲ ಗುಡಿಸಿ ನೀರು ತಳ್ಳುವ ಸದ್ದು ಕೇಳುತ್ತಿತ್ತು. ‘ಆ ಸೊನ್ನೆ ಒತ್ತೋಕೆ ಅರ್ಧ ಗಂಟೆ ಬೇಕಾಯ್ತು ನಂಗೆ. ನಿಮಗೂ ಹೀಗೇ ತಪ್ತಿತ್ತಾ ಅಕ್ಕಾ?’

‘ಹೂಂ,’ ಎಂದೆ. ‘ಹೀಗೇ.’